ಪೇಟೆಂಟ್‌ನ ಸಾರಾಂಶ ನೋಡಿ ಕೈಬಿಡಬೇಕಾ?

ಸಿಂಧನೂರಿನಲ್ಲಿ ನಮ್ಮದು ಸಣ್ಣ ವರ್ಕ್‌ಶಾಪ್. ಮೆಣಸಿನಕಾಯಿ ತೊಟ್ಟು ಬಿಡಿಸುವ ಮಷಿನ್‌ಗೆ ಆಗಲೇ ಪೇಟೆಂಟ್ ಇದೆಯಂತೆ. ನಾವು ಮಾಡಬಾರದಾ?

ಸಾರಾಂಶ ಬರೀ ಪರಿಚಯ ಸರ್. ಹಕ್ಕು ಇರುವುದು ಕೊನೆಯಲ್ಲಿ ನಂಬರ್ ಹಾಕಿದ ಕ್ಲೇಮ್‌ಗಳಲ್ಲಿ. ಮೊದಲ ಕ್ಲೇಮ್ ಅನ್ನು ಭಾಗ ಭಾಗವಾಗಿ ಬಿಡಿಸಿ ಬರೆದುಕೊಳ್ಳಿ. ಅದರಲ್ಲಿ ತೂತಿನ ಡ್ರಮ್, ಹೊರಗೆ ಬ್ಲೇಡ್, ತೊಟ್ಟು ಹಾರಿಸುವ ಬ್ಲೋವರ್ ಇವೆ ಅಂದ್ಕೊಳ್ಳಿ. ನಿಮ್ಮದರಲ್ಲೂ ಈ ಮೂರೂ ಇದ್ದರೆ ಸಿಕ್ಕಿಬೀಳುತ್ತೀರಿ, ಮೇಲೊಂದು ಜರಡಿ ಸೇರಿಸಿದರೂ ಬಚಾವಾಗಲ್ಲ. ಬ್ಲೋವರೇ ಇಲ್ಲದಿದ್ದರೆ ಸಾಮಾನ್ಯವಾಗಿ ಆ ಕ್ಲೇಮ್ ನಿಮಗೆ ಅನ್ವಯಿಸುವುದಿಲ್ಲ. ಅದರ ಬದಲು ಅದೇ ಕೆಲಸವನ್ನು ಅದೇ ರೀತಿ ಮಾಡುವ ಬೇರೆ ಫ್ಯಾನ್ ಇಟ್ಟರೆ ಮಾತ್ರ ತಕರಾರು ಬರಬಹುದು.

‘ಕ್ಲೇಮ್ 1ರಲ್ಲಿ ಹೇಳಿದಂತೆ’ ಎನ್ನದ ಬೇರೆ ಕ್ಲೇಮ್‌ಗಳಿದ್ದರೆ ಅವನ್ನೂ ಹೀಗೇ ನೋಡಿ. ಓದುತ್ತಿರುವುದು ಮಂಜೂರಾದ ಪ್ರತಿಯೇ ಆಗಿರಲಿ. ಅರ್ಜಿಯಲ್ಲಿದ್ದ ದೊಡ್ಡ ಕ್ಲೇಮ್ ಮಂಜೂರಾಗುವಷ್ಟರಲ್ಲಿ ಎಷ್ಟೋ ಸಲ ಕಿರಿದಾಗಿರುತ್ತದೆ.