ಎರಡು ವರ್ಷವಾದರೂ ಇಳಿಯದ ಬಾಟಲಿ

ಓದುಗರ ಪತ್ರ: ಅಮ್ಮನಿಗೆ ಮುಂದಿನ ತಿಂಗಳು 62 ತುಂಬುತ್ತದೆ. ಒಂದು ಪರ್ಫ್ಯೂಮ್ ಕೊಡೋಣ ಅಂತ ಆಸೆ. ಯಾವುದು ಇಷ್ಟ ಅಂತ ಕೇಳಿದರೆ ‘ಏನಾದರೂ ಆಗುತ್ತೆ ಬಿಡು’ ಅಂತಾರೆ. ಎರಡು ವರ್ಷದ ಹಿಂದೆ ಕೊಟ್ಟ 100 ಮಿ.ಲೀ. ಬಾಟಲಿ, ವೆನಿಲಾ ಥರದ ಗಾಢ ಘಮದ್ದು, ಇನ್ನೂ ಒಂದು ಬೆರಳಷ್ಟೂ ಇಳಿದಿಲ್ಲ. ದಿನಾ ಲ್ಯಾವೆಂಡರ್ ಪೌಡರ್ ಹಾಕಿಕೊಳ್ಳುತ್ತಾರೆ. ನಿಂಬೆ ಘಮದ ಸೋಪು ಅವರೇ ತರಿಸಿಕೊಳ್ಳುವುದು. ಇಷ್ಟನ್ನು ಇಟ್ಟುಕೊಂಡು ಆರಿಸಲು ಆಗುತ್ತದೆಯೇ? ಗಂಡನಿಗೆ ಕೊಡುವುದಾದರೂ ಇದೇ ಲೆಕ್ಕವೇ?

ಸಂಪಾದಕರ ಉತ್ತರ: ಆಗುತ್ತದೆ. ಮೊದಲು ಆ ಹಳೆಯ ಬಾಟಲಿಯ ವಿಷಯ ಇತ್ಯರ್ಥ ಮಾಡಿಕೊಳ್ಳೋಣ. ಅದು ಇಳಿದಿಲ್ಲ ಎಂದ ಮಾತ್ರಕ್ಕೆ ಅಮ್ಮನಿಗೆ ಹಿಡಿಸಲಿಲ್ಲ ಎಂದು ತೀರ್ಮಾನಿಸಬೇಡಿ.

ಸಾಮಾನ್ಯ ಸ್ಪ್ರೇ ಬಾಟಲಿಯನ್ನು ಒಂದು ಸಲ ಒತ್ತಿದರೆ ಹೊರಬರುವುದು ಸುಮಾರು 0.1 ಮಿ.ಲೀ. ಆ ಲೆಕ್ಕದಲ್ಲಿ 100 ಮಿ.ಲೀ. ಎಂದರೆ ಸಾವಿರ ಸಲ ಒತ್ತುವಷ್ಟು. ನಿಮ್ಮ ತಾಯಿ ತಿಂಗಳಿಗೆ ಎರಡು ಬಾರಿ, ಎಲ್ಲಿಗಾದರೂ ಹೊರಡುವಾಗ ಮಾತ್ರ, ಎರಡೆರಡು ಸಲ ಒತ್ತಿಕೊಂಡಿದ್ದರೆ ಎರಡು ವರ್ಷದಲ್ಲಿ 96 ಸಲವಾಯಿತು, ಅಂದರೆ ಹತ್ತು ಮಿ.ಲೀ.ಗೂ ಚೂರು ಕಡಿಮೆ. ಎಂಟರಿಂದ ಹತ್ತು ಸೆಂ.ಮೀ. ಎತ್ತರದ ಬಾಟಲಿಯಲ್ಲಿ ಅದು ಒಂದು ಸೆಂ.ಮೀ. ಕೂಡ ಕಾಣುವುದಿಲ್ಲ. ನೀವು ಹೇಳಿದ ‘ಒಂದು ಬೆರಳು’ ಅದಕ್ಕಿಂತ ದಪ್ಪ. ಇಷ್ಟಪಟ್ಟು, ಜತನದಿಂದ ಬಳಸಿದ ಬಾಟಲಿಯೂ ಹೀಗೇ ಕಾಣಬಹುದು. ನಿಜ ಹೇಳಬೇಕೆಂದರೆ, ಪರ್ಫ್ಯೂಮ್ ದಿನನಿತ್ಯ ಬಳಸದವರಿಗೆ 100 ಮಿ.ಲೀ. ಕೊಟ್ಟದ್ದೇ ಹೆಚ್ಚಾಯಿತು.

ಹಾಗಾದರೆ ತಿಳಿಯುವುದು ಹೇಗೆ? ಬಾಟಲಿ ಎಲ್ಲಿದೆ ನೋಡಿ. ಕೈಗೆ ಸಿಗುವ ಜಾಗದಲ್ಲಿದ್ದು ಮುಚ್ಚಳದ ಮೇಲೆ ಧೂಳಿಲ್ಲದಿದ್ದರೆ ಅದು ಬಳಕೆಯಲ್ಲಿದೆ. ಡಬ್ಬಿಯೊಳಗೇ ಇದ್ದು, ಡಬ್ಬಿ ಕಪಾಟಿನ ಹಿಂಬದಿಗೆ ಸರಿದಿದ್ದರೆ ಒಂದೋ ಎತ್ತಿಟ್ಟಿದ್ದಾರೆ, ಇಲ್ಲವೇ ಮರೆತಿದ್ದಾರೆ. ಇನ್ನೊಂದು ಪರೀಕ್ಷೆ ಇದಕ್ಕಿಂತ ಗಟ್ಟಿ: ಅವರು ಹೊರಗೆ ಹೋಗುವಾಗ ಹೊದೆಯುವ ಶಾಲು ಅಥವಾ ಸ್ವೆಟರಿನ ಕತ್ತಿನ ಭಾಗವನ್ನು ಮೂಸಿ ನೋಡಿ. ವೆನಿಲಾದ ಘಮ ಕೊಡುವ ಅಣು ಬೇಗ ಹಾರಿಹೋಗುವುದಿಲ್ಲ. ಉಣ್ಣೆಯಲ್ಲಿ ದಿನಗಟ್ಟಲೆ ಉಳಿಯುತ್ತದೆ. ಅಲ್ಲಿ ಆ ಘಮ ಇದ್ದರೆ ಬಾಟಲಿಗೆ ಕೆಲಸವಿದೆ ಎಂದೇ ಅರ್ಥ. ಇಲ್ಲದಿದ್ದರೆ ಸ್ಪ್ರೇ ಗುಂಡಿಯನ್ನು ನೀವೇ ಒಮ್ಮೆ ಒತ್ತಿ ನೋಡಿ. ಕೆಲವು ಗುಂಡಿಗಳು ಎಷ್ಟು ಬಿಗಿ ಎಂದರೆ ಬೆರಳ ಗಂಟು ನೋಯುವವರಿಗೆ ಒತ್ತಲಾಗುವುದಿಲ್ಲ. ಅಂಥ ಕಡೆ ಘಮದ ಮೇಲೆ ತಪ್ಪು ಹೊರಿಸುವುದು ಅನ್ಯಾಯ.

ಇದೆಲ್ಲ ನೋಡಿದ ಮೇಲೂ ಬಾಟಲಿ ಮೂಲೆಗುಂಪಾಗಿದೆ ಎನ್ನಿಸಿದರೆ, ಗಾಢವಾದ, ಸಿಹಿ ಮುಂದಾದ ಘಮ ಅವರಿಗೆ ಬೇಡ ಎಂದು ಧೈರ್ಯವಾಗಿ ಹಿಡಿಯಿರಿ. ಆಗ ವಿವರಣೆಯಲ್ಲಿ ವೆನಿಲಾ, ಅಂಬರ್, ಊದ್, ಪಚೌಲಿ, ಸುಗಂಧರಾಜ ಎಂಬ ಹೆಸರುಗಳು ಒಟ್ಟಿಗೆ ಬರುವ ಬಾಟಲಿಗಳನ್ನೆಲ್ಲ ಪಕ್ಕಕ್ಕಿಡಬಹುದು. ಬೇಡದ್ದು ಯಾವುದೆಂದು ಗೊತ್ತಾದರೆ ಅರ್ಧ ಅಂಗಡಿ ಖಾಲಿಯಾದಂತೆ.

ಇನ್ನು ಸೋಪು ಮತ್ತು ಪೌಡರ್. ಇವೆರಡಕ್ಕೂ ಒಂದೇ ತೂಕ ಕೊಡಬೇಡಿ. ಸೋಪಿನ ನಿಂಬೆ ಘಮ ಸ್ನಾನದ ಹೊತ್ತಿನದು, ನೀರಿನ ಜೊತೆ ಹೋಗುತ್ತದೆ. ಪರ್ಫ್ಯೂಮಿನಲ್ಲೂ ನಿಂಬೆ, ಕಿತ್ತಳೆ ಜಾತಿಯ ಘಮ ಹಗುರ ಅಣುಗಳದ್ದು. ಹಚ್ಚಿದ ಹದಿನೈದು ಇಪ್ಪತ್ತು ನಿಮಿಷದಲ್ಲಿ ಅದರ ಬಹುಪಾಲು ಹಾರಿ, ಕೆಳಗಿದ್ದ ಬೇರೆಯೇ ಘಮ ಮೇಲೆ ಬರುತ್ತದೆ. ‘ಅಮ್ಮನಿಗೆ ನಿಂಬೆ ಇಷ್ಟ’ ಎಂದು ನಿಂಬೆ ಹೆಸರಿನ ಬಾಟಲಿ ಕೊಂಡವರು ಎಡವುವುದು ಇಲ್ಲೇ. ಕೊಂಡದ್ದು ಮೊದಲ ಕಾಲು ಗಂಟೆ, ಅಮ್ಮ ಹೊತ್ತು ತಿರುಗಬೇಕಾದದ್ದು ಉಳಿದ ನಾಲ್ಕು ಗಂಟೆ.

ಪೌಡರ್ ಹಾಗಲ್ಲ. ಅದು ದಿನವಿಡೀ ಮೈಮೇಲಿರುತ್ತದೆ, ಮುಗಿದಾಗ ಮತ್ತೆ ಅದನ್ನೇ ತರಿಸುತ್ತಾರೆ. ಇದಕ್ಕಿಂತ ನಂಬಬಹುದಾದ ಸುಳಿವು ಮನೆಯಲ್ಲಿ ಇನ್ನೊಂದು ಸಿಗಲಾರದು. ನಿಮ್ಮ ತಾಯಿಗೆ ಒಗ್ಗಿರುವುದು ಒಣ, ಸ್ವಚ್ಛ, ಸಿಹಿ ಕಡಿಮೆ ಇರುವ, ಮೈಗೆ ಅಂಟಿಕೊಂಡಿರುವ ಘಮ. ಪಕ್ಕದಲ್ಲಿ ಕೂತವರಿಗೆ ಮಾತ್ರ ಗೊತ್ತಾಗುವಂಥದ್ದು.

ಇದರ ಮೇಲೆ ನಾವು ಮೂರು ದಾರಿ ಹಿಡಿಯುತ್ತೇವೆ. ಒಂದು, ಲ್ಯಾವೆಂಡರ್ ಮತ್ತು ಬಿಳಿ ಮಸ್ಕ್ ಸೇರಿದ್ದು. ಪೌಡರಿಗೆ ತೀರ ಹತ್ತಿರ. ಎರಡು, ಐರಿಸ್ ಅಥವಾ ವಯೊಲೆಟ್ ಮುಖ್ಯವಾಗಿರುವುದು. ಇವು ಹೂವಿನ ಹೆಸರಿನವಾದರೂ ಮೂಗಿಗೆ ಪೌಡರಿನಂತೆಯೇ ಒಣವಾಗಿ ತಟ್ಟುತ್ತವೆ. ಮೂರು, ಕಿತ್ತಳೆ ಹೂವಿನ ನೆರೋಲಿ ಇದ್ದು ತಳದಲ್ಲಿ ಮೆದುವಾದ ಮರದ ಘಮವಿರುವುದು. ಸೋಪಿನ ತಾಜಾತನ ಅವರಿಗೆ ನಿಜಕ್ಕೂ ಬೇಕಾಗಿದ್ದರೆ ಅದು ಇದರಲ್ಲಿದೆ. ಒಂದು ಎಚ್ಚರ: ಲ್ಯಾವೆಂಡರ್ ಮುಂದಾದ ಪರ್ಫ್ಯೂಮುಗಳಲ್ಲಿ ಬಹಳಷ್ಟು ‘ಗಂಡಸರಿಗೆ’ ಎಂಬ ಚೀಟಿ ಹೊತ್ತಿರುತ್ತವೆ. ಘಮಕ್ಕೆ ಗಂಡು ಹೆಣ್ಣಿನ ಭೇದವಿಲ್ಲ, ಅದು ಮಾರುವವರ ವಿಂಗಡಣೆ. ಆದರೂ ಡಬ್ಬಿ ಓದಿದ ಕೂಡಲೇ ಅಮ್ಮ ಹಿಂಜರಿಯಬಹುದು. ಹಾಗೇನೂ ಬರೆಯದ ಡಬ್ಬಿ ಸಿಕ್ಕರೆ ಅದೇ ಲೇಸು.

ಅಂಗಡಿಯಲ್ಲಿ ಒಂದು ಸಲಕ್ಕೆ ನಾಲ್ಕಕ್ಕಿಂತ ಹೆಚ್ಚು ಮೂಸಬೇಡಿ, ಐದನೆಯದರ ಹೊತ್ತಿಗೆ ಮೂಗು ಸೋತಿರುತ್ತದೆ. ಕಾಫಿ ಬೀಜ ಮೂಸಿದರೆ ಮೂಗು ತಿಳಿಯಾಗುತ್ತದೆ ಎಂದು ಬಟ್ಟಲು ಮುಂದೆ ಹಿಡಿಯುತ್ತಾರೆ. ಅದು ಇನ್ನೊಂದು ಘಾಟು, ಅಷ್ಟೆ. ಹೊರಗೆ ಹೋಗಿ ಐದು ನಿಮಿಷ ಗಾಳಿ ಕುಡಿದು ಬನ್ನಿ. ಒಂದೊಂದನ್ನೂ ಬೇರೆ ಬೇರೆ ಕಾಗದದ ಪಟ್ಟಿಗೆ ಹಾಕಿಸಿ, ಹೆಸರು ಬರೆದುಕೊಳ್ಳಿ. ಒತ್ತಿದ ಕೂಡಲೇ ಮೂಗಿಗೆ ಹಿಡಿದರೆ ಬರುವುದು ಮದ್ಯಸಾರದ ಘಾಟು, ಅರ್ಧ ನಿಮಿಷ ಬಿಡಿ. ಅಲ್ಲೇ ತೀರ್ಮಾನ ಮಾಡದೆ ಪಟ್ಟಿಗಳನ್ನು ಒಂದಕ್ಕೊಂದು ತಾಗದಂತೆ ಮನೆಗೆ ತಂದು, ಅರ್ಧ ಗಂಟೆಗೊಮ್ಮೆ, ಆಮೇಲೆ ಮರುದಿನ ಬೆಳಿಗ್ಗೆ ಒಮ್ಮೆ ಮೂಸಿ. ಬೆಳಿಗ್ಗೆ ಉಳಿದಿರುವುದು ತಳದ ಘಮ. ಅದರಲ್ಲಿ ಮತ್ತೆ ವೆನಿಲಾದ ಸಿಹಿ ಎದ್ದರೆ, ಮೊದಲ ಕ್ಷಣ ಎಷ್ಟೇ ಚೆನ್ನಾಗಿದ್ದರೂ ಆ ಪಟ್ಟಿ ಬಿಟ್ಟುಬಿಡಿ. ಮೂಸುವುದು ನಿಮ್ಮ ಮೂಗಾದರೂ ಕೇಳಿಕೊಳ್ಳಬೇಕಾದ ಪ್ರಶ್ನೆ ‘ನನಗೆ ಹಿಡಿಸಿತೇ’ ಎಂಬುದಲ್ಲ. ‘ಇದು ಅಮ್ಮನ ಪೌಡರ್ ಡಬ್ಬಿಗೆ ಹತ್ತಿರವೋ ಆ ಬಾಟಲಿಗೆ ಹತ್ತಿರವೋ’ ಎಂಬುದು. ಅನುಮಾನ ಬಂದರೆ ಪೌಡರ್ ಡಬ್ಬಿಯನ್ನೇ ಪಕ್ಕದಲ್ಲಿಟ್ಟುಕೊಂಡು ನೋಡಿ.

ಆಮೇಲೂ ದೊಡ್ಡ ಬಾಟಲಿ ಕೊಳ್ಳಬೇಡಿ. ಮೂರರದ್ದೂ ಒಂದೂವರೆ ಅಥವಾ ಎರಡು ಮಿ.ಲೀ.ಯ ಸ್ಯಾಂಪಲ್ ಶೀಶೆ ತನ್ನಿ. ಒಂದೂವರೆ ಮಿ.ಲೀ. ಎಂದರೆ ಹದಿನೈದು ಸಲ ಒತ್ತುವಷ್ಟು, ದಿನಕ್ಕೆ ಎರಡರಂತೆ ಒಂದು ವಾರ. ಸ್ಪ್ರೇ ಇರುವ ಶೀಶೆಯೇ ಇರಲಿ. ಕಡ್ಡಿಯಿಂದ ಹಚ್ಚುವ ಶೀಶೆಯಲ್ಲಿ ಅದೇ ಘಮ ಮಂಕಾಗಿ ಕಂಡು, ಒಳ್ಳೆಯದೂ ಸಪ್ಪೆ ಎನಿಸಿಕೊಳ್ಳುತ್ತದೆ. ಮೂರನ್ನೂ ಪೌಡರ್ ಡಬ್ಬಿಯ ಪಕ್ಕ ಇಟ್ಟು ಮೂರು ವಾರ ಸುಮ್ಮನಿರಿ. ‘ಯಾವುದು ಚೆನ್ನಾಗಿದೆ ಅಮ್ಮ’ ಎಂದು ಕೇಳಿದರೆ ‘ಎಲ್ಲಾ ಚೆನ್ನಾಗಿದೆ’ ಎಂಬ ಉತ್ತರವೇ ಬರುವುದು. ಶೀಶೆ ಸಣ್ಣದಾದ್ದರಿಂದ ಅದರ ಮಟ್ಟ ನಿಮ್ಮ 100 ಮಿ.ಲೀ. ಬಾಟಲಿಯಂತೆ ಮೋಸ ಮಾಡುವುದಿಲ್ಲ. ಯಾವುದು ಮೊದಲು ಖಾಲಿಯಾಯಿತೋ ಅದರದ್ದೇ 30 ಮಿ.ಲೀ. ಬಾಟಲಿ ಕೊಳ್ಳಿ. ಮುಂದಿನ ತಿಂಗಳು ಎಂದಿದ್ದೀರಿ, ಸಮಯ ಸರಿಯಾಗಿದೆ. ಸಾಲದಿದ್ದರೆ ಮೂರು ಶೀಶೆಗಳನ್ನೇ ಚಂದದ ಡಬ್ಬಿಯಲ್ಲಿಟ್ಟು, ‘ಖಾಲಿಯಾದದ್ದರ ಬಾಟಲಿ ನನ್ನ ಲೆಕ್ಕದಲ್ಲಿ’ ಎಂದು ಚೀಟಿ ಬರೆದುಕೊಡಿ.

ಒಂದು ಶೀಶೆಯ ಬಗ್ಗೆ ಅವರು ‘ಇದರಲ್ಲಿ ವಾಸನೆಯೇ ಇಲ್ಲ’ ಎನ್ನಬಹುದು, ನಿಮಗೆ ಮಾತ್ರ ಚೆನ್ನಾಗಿ ತಿಳಿಯುತ್ತಿರುತ್ತದೆ. ಅವರು ಸುಳ್ಳು ಹೇಳುತ್ತಿಲ್ಲ. ಬೇರೆಲ್ಲ ವಾಸನೆ ಗೊತ್ತಾಗಿಯೂ ಕೆಲವು ಮಸ್ಕ್‌ಗಳು ಮಾತ್ರ ಗೊತ್ತಾಗದವರಿದ್ದಾರೆ. ಅರುವತ್ತು ದಾಟಿದ ಮೇಲೆ ಮೂಗಿನ ಚುರುಕೂ ಒಟ್ಟಾರೆ ತಗ್ಗುವುದುಂಟು. ಇದಕ್ಕೆ ಮದ್ದು ಅದೇ ಘಮದ ಗಾಢ ಬಗೆ ತರುವುದಲ್ಲ. ತನಗೆ ತಿಳಿಯದ್ದನ್ನು ಅವರು ನಾಲ್ಕು ಸಲ ಹೆಚ್ಚು ಒತ್ತಿಕೊಂಡರೆ ಮನೆಮಂದಿಗೆ ತಲೆನೋವು. ಆ ಶೀಶೆ ಬಿಟ್ಟು ಇನ್ನೆರಡರಲ್ಲಿ ಆರಿಸಿ. ಘಮದಿಂದ ಅವರಿಗೇ ತಲೆಶೂಲೆ ಬರುತ್ತಿದ್ದರೆ, ಉಬ್ಬಸವಿದ್ದರೆ ಮಾತ್ರ ಈ ಉಡುಗೊರೆಯ ಯೋಚನೆಯನ್ನೇ ಕೈಬಿಡಿ.

ಕೊಳ್ಳುವಾಗ ಹೆಸರನ್ನು ಕೊನೆಯ ಪದದವರೆಗೂ ಓದಿ. ಒಂದೇ ಹೆಸರಿನ ಮುಂದೆ ‘ಇಂಟೆನ್ಸ್’, ‘ಫ್ರೆಶ್’, ‘ಸ್ಪೋರ್ಟ್’ ಎಂದು ಸೇರಿಸಿ ಮಾರುವುದು ಬೇರೆಯೇ ಘಮ, ಬರೀ ಹೆಚ್ಚು ಕಡಿಮೆ ಗಾಢತೆಯಲ್ಲ. ‘ಓ ದ ಟಾಯ್ಲೆಟ್’ ಮತ್ತು ‘ಓ ದ ಪರ್ಫ್ಯೂಮ್’ ಎಂಬವುಗಳಲ್ಲೂ ಎಣ್ಣೆಯ ಪಾಲು ಒಂದರಲ್ಲಿ ಸುಮಾರು ನೂರಕ್ಕೆ 5ರಿಂದ 15, ಇನ್ನೊಂದರಲ್ಲಿ 15ರಿಂದ 20 ಎನ್ನುವುದು ರೂಢಿ. ಪ್ರತಿ ತಯಾರಕರೂ ತಮ್ಮದೇ ಅಳತೆ ಇಟ್ಟುಕೊಂಡಿರುತ್ತಾರೆ, ಒಮ್ಮೊಮ್ಮೆ ಎರಡರ ಘಮವೂ ಬೇರೆ ಇರುತ್ತದೆ. ಸ್ಯಾಂಪಲ್ ಶೀಶೆಯ ಮೇಲೆ ಏನಿತ್ತೋ ಅಕ್ಷರಶಃ ಅದೇ ಇರಲಿ. ಸೀಲು ಒಡೆದ ಬಾಟಲಿಯನ್ನು ಅಂಗಡಿಗಳು ಸಾಮಾನ್ಯವಾಗಿ ವಾಪಸು ಪಡೆಯುವುದಿಲ್ಲ.

ಗಂಡನ ವಿಷಯ ಸ್ವಲ್ಪ ಬೇರೆ. ಪೌಡರಿನ ಜಾಗದಲ್ಲಿ ಅವರ ಶೇವಿಂಗ್ ಕ್ರೀಮ್, ಡಿಯೋಡರೆಂಟ್ ಇಟ್ಟುಕೊಂಡರೆ ಉಳಿದ ಲೆಕ್ಕ ಇದೇ. ಆದರೆ ಅದೇ ಕೋಣೆಯಲ್ಲಿ, ಅದೇ ಗಾಡಿಯಲ್ಲಿ ನೀವೂ ಇರುತ್ತೀರಿ. ಅಲ್ಲಿ ನಿಮ್ಮ ಮೂಗಿಗೂ ಒಂದು ಮತವಿದೆ: ಮರುದಿನದ ಪಟ್ಟಿ ನಿಮಗೆ ಸಹಿಸಲಾಗದಿದ್ದರೆ ಅದನ್ನು ತೆಗೆದುಹಾಕಲು ಸಂಕೋಚ ಬೇಡ. ಡಿಯೋಡರೆಂಟಿನ ಘಮವೇ ಜೋರಾಗಿದ್ದರೆ ಯಾವ ಪರ್ಫ್ಯೂಮೂ ಅದರ ಜೊತೆ ಜಗಳಕ್ಕೆ ಬೀಳುತ್ತದೆ, ಘಮವಿಲ್ಲದ ಡಿಯೋಡರೆಂಟ್ ಒಂದನ್ನೂ ಜೊತೆಗೆ ಕೊಡಿ.

ಆ ಹಳೆಯ ಬಾಟಲಿಯನ್ನು ಕೇಳದೆ ಎತ್ತಿಕೊಂಡು ಹೋಗಬೇಡಿ. ದ್ರವ ಕಂದು ತಿರುಗಿದ್ದರೂ ಕೆಟ್ಟಿದೆ ಎಂದಲ್ಲ, ವೆನಿಲಾ ಇರುವ ಪರ್ಫ್ಯೂಮಿನ ಬಣ್ಣ ಕಾಲಕ್ರಮದಲ್ಲಿ ಗಾಢವಾಗುತ್ತದೆ. ಕಾಗದಕ್ಕೆ ಒಮ್ಮೆ ಒತ್ತಿ, ಮದ್ಯಸಾರ ಆರಿದ ಮೇಲೂ ಹುಳಿಯಾದ, ವಾರ್ನಿಷಿನಂಥ ವಾಸನೆ ಉಳಿದರೆ ಆಗ ಕೆಟ್ಟಿದೆ. ಚೆನ್ನಾಗಿದ್ದರೆ, ಶಾಲಿನಲ್ಲಿ ಅದರ ಘಮವೂ ಸಿಕ್ಕಿದ್ದರೆ, ಹೊಸದು ಬಂದ ಮೇಲೂ ಅದು ಇದ್ದಲ್ಲೇ ಇರಲಿ. ಬಿಸಿಲು ಬೀಳುವ ಕಿಟಕಿಯ ಪಕ್ಕದಲ್ಲೋ ಬಚ್ಚಲಿನ ಶಾಖದಲ್ಲೋ ಇದ್ದರೆ ಮಾತ್ರ ತೆಗೆದು ಕಪಾಟಿನ ಒಳಗಿಡಿ.