36ರಲ್ಲಿ ಗುಣ ಕೂಡಿದರೂ ರಜ್ಜು ಕೂಡದಿದ್ದರೆ

“ಕಲಬುರಗಿಯವರು ನಾವು. ಹುಡುಗಿ ರೋಹಿಣಿ, ಹುಡುಗ ಹಸ್ತ. ಆ್ಯಪ್‌ನಾಗ 18ರ ಮ್ಯಾಲೆ ಗುಣ ಬಂದಾವ, ಚೆನ್ನೈ ಬೀಗರು ರಜ್ಜು ಕೂಡಂಗಿಲ್ಲ ಅಂತಾರ. ಯಾವುದು ಖರೆ?”

ಎರಡೂ ಖರೆ ಅದಾವ್ರಿ, ಅಳತೆ ಬೇರೆ ಬೇರೆ. ಉತ್ತರದ ಅಷ್ಟಕೂಟದಾಗ ಎಂಟು ವಿಷಯ ನೋಡಿ ಒಟ್ಟು 36ಕ್ಕೆ ಅಂಕಗಳನ್ನು ಕೂಡಿಸ್ತಾರ; ಅದರಾಗ ನಾಡಿ ಅನ್ನೋ ಒಂದಕ್ಕೇ 8. ರೋಹಿಣಿ ಅಂತ್ಯ ನಾಡಿ, ಹಸ್ತ ಆದಿ ನಾಡಿ, ಹಿಂಗಾಗಿ ಆ 8 ಪೂರಾ ಸಿಕ್ಕಾವ. ರಜ್ಜು ಅನ್ನೋದು ಆ 36ರ ಲೆಕ್ಕದಾಗ ಇಲ್ಲವೇ ಇಲ್ಲ.

ತಮಿಳರ ಹತ್ತು ಪೊರುತ್ತ ಅಂದರೆ ಹತ್ತು ಹೊಂದಾಣಿಕೆ; ಅದರಾಗ ಒಂದೊಂದನ್ನೂ ಕೂಡ್ತದೋ ಇಲ್ಲೋ ಅಂತ ನೋಡ್ತಾರ. ರಜ್ಜು ಕೆಟ್ಟರೆ ಉಳಿದವು ಕೂಡಿದರೂ ಬಹಳ ಮಂದಿ ಒಪ್ಪಂಗಿಲ್ಲ. ರಜ್ಜು ನೋಡಾಕ 27 ನಕ್ಷತ್ರಗಳನ್ನು ಪಾದ, ತೊಡೆ, ಹೊಕ್ಕಳು, ಕಂಠ, ಶಿರ ಅಂತ ಐದು ಗುಂಪು ಮಾಡ್ಯಾರ. ವಧೂವರರು ಒಂದೇ ಗುಂಪಿನಾಗ ಬರಬಾರದು. ರೋಹಿಣಿ, ಹಸ್ತ ಎರಡೂ ಕಂಠದಾಗ ಬರ್ತಾವ. ನಕ್ಷತ್ರಗಳನ್ನು ಪಾದದಿಂದ ಶಿರಕ್ಕ ಏರಿಸಿ ಎಣಿಸೋದು ಆರೋಹ, ಇಳಿಸಿ ಎಣಿಸೋದು ಅವರೋಹ; ಅದು ಬೇರೆ ಬೇರೆ ಇದ್ದರೆ ಕೆಲವರು ಬಿಡ್ತಾರ, ಆದರೆ ಇವೆರಡೂ ಆರೋಹವೇ. ಹಿಂಗಾಗಿ ಬೀಗರ ಮಾತು ಅವರ ಪದ್ಧತಿಗೆ ಸರಿಯಾಗೇ ಅದ.

ಬ್ಯಾಡ ಅನ್ನೋ ಮೊದಲು ಹುಡುಗನ ಹುಟ್ಟಿದ ವೇಳೆ ನೋಡ್ರಿ. ಹಸ್ತ ಮುಗಿಯೋ ಹೊತ್ತಿಗೆ ಹುಟ್ಟಿದ್ದರೆ ಹಳೇ ಸೂತ್ರದ ವಾಕ್ಯ ಪಂಚಾಂಗದಾಗ ಒಂದು, ಗ್ರಹಗಳ ಖರೆ ಸ್ಥಾನ ಹಿಡಿಯೋ ದೃಕ್ ಪಂಚಾಂಗದಾಗ ಇನ್ನೊಂದು ನಕ್ಷತ್ರ ಬರಬಹುದು. ಚಿತ್ತಾ ಆದರೆ ಶಿರೋರಜ್ಜು, ಈ ದೋಷ ಇರಂಗಿಲ್ಲ. ಆದರೆ ನಾಡಿ, ಗಣ ಎಲ್ಲಾ ಹೊಸದಾಗಿ ನೋಡಬೇಕಾಗ್ತದ. ಎರಡೂ ಮನೆಯವರು ಒಂದೇ ಪಂಚಾಂಗ ಹಿಡಿದು ಕೂತು ನೋಡ್ರಿ.