ಕ್ಯಾಲಿಬ್ರೇಟರ್ ಅಂಚನ್ನು ಅಳೆಯುವುದಿಲ್ಲ

ಪ್ರಶ್ನೆ: ಎಡಿಟ್ ಮಾಡುವಾಗ ಫೋಟೊ ಶಾರ್ಪ್ ಆಗಿಯೇ ಕಾಣುತ್ತದೆ, ಪ್ರಿಂಟ್ ಬಂದಾಗ ಮಸುಕಾಗಿರುತ್ತದೆ. ಮಾನಿಟರ್‌ನ ಬೆಳಕು, ಬಣ್ಣ ಅಳೆಯುವ ಕ್ಯಾಲಿಬ್ರೇಟರ್ ಕೊಂಡರೆ ಸರಿಹೋಗುತ್ತದೆಯೇ?

ಸರಿಹೋಗುವುದಿಲ್ಲ. ಹಾಗೆ ನಂಬಿಕೊಂಡೇ ನಾನು ಆಲ್ಬಮ್ಮಿನ ಒಂದು ಹಾಳೆಯನ್ನು ಕೈಯಿಂದ ದುಡ್ಡು ಹಾಕಿ ಮತ್ತೆ ಪ್ರಿಂಟ್ ಮಾಡಿಸಿದ್ದೇನೆ.

ದಾವಣಗೆರೆಯ ಮದುವೆಯೊಂದರಲ್ಲಿ 85 ಎಂಎಂ ಲೆನ್ಸನ್ನು ಎಫ್ 1.8ಕ್ಕೆ ತೆರೆದು ವಧುವಿನ ಮುಖ ತೆಗೆದಿದ್ದೆ. ಫೋಕಸ್ ಕಣ್ಣಿಗೆ ಕೂರದೆ ಮುಂದಿದ್ದ ಹಾರಕ್ಕೆ ಕೂತಿತ್ತು. ಆರಿಸುವಾಗ ಇಡೀ ಫೋಟೊ ಪರದೆಗೆ ಹೊಂದುವಂತೆ ನೋಡಿದೆ. 6000 ಪಿಕ್ಸೆಲ್ ಅಗಲದ ಚಿತ್ರ 1920ರಲ್ಲಿ ಕೂರಬೇಕಾದರೆ ಹೆಚ್ಚುಕಡಿಮೆ ಹತ್ತು ಪಿಕ್ಸೆಲ್‌ಗಳು ಸೇರಿ ಒಂದಾಗುತ್ತವೆ, ಆದ್ದರಿಂದ ಎರಡು ಮೂರು ಪಿಕ್ಸೆಲ್‌ಗಳ ಮಸುಕು ಅಲ್ಲಿಯೇ ಕರಗಿಹೋಗುತ್ತದೆ. ಇದು ನನಗೆ ಗೊತ್ತಿತ್ತು, ಹಾಗಾಗಿ ಫೋಟೊಶಾಪ್‌ನಲ್ಲಿ `Ctrl+1` ಒತ್ತಿ 100%ನಲ್ಲಿಯೂ ನೋಡಿದೆ. ರೆಪ್ಪೆಯ ಕೂದಲು ಎಳೆ ಎಳೆಯಾಗಿ ಕಂಡಿತು. ಪ್ರಿಂಟ್ ಬಂದಾಗ ಹಾರದ ಎಸಳುಗಳು ಸ್ಪಷ್ಟವಾಗಿದ್ದವು, ಕಣ್ಣು ಮಂಕಾಗಿತ್ತು. "ಇದೇನಣ್ಣಾ, ಹೂವಿಗೆ ಮದುವೆ ಮಾಡಿದಂಗೈತಿ" ಎಂದರು ಹುಡುಗಿಯ ಅಣ್ಣ.

ತಪ್ಪು ಮಾನಿಟರ್‌ನ ಗುಂಡಿಯ ಮೆನುವಿನಲ್ಲಿತ್ತು. ಅಕ್ಷರ ಚೆನ್ನಾಗಿ ಕಾಣಲಿ ಎಂದು ಅಲ್ಲಿನ `Sharpness` ಅನ್ನು ನಾನೇ ಎಂದೋ 80ಕ್ಕೆ ಏರಿಸಿ ಮರೆತಿದ್ದೆ. ಈ ಸೆಟ್ಟಿಂಗ್ ಪ್ರತಿ ಅಂಚಿನ ತಿಳಿ ಬದಿಗೆ ಬೆಳ್ಳನೆಯ ಗೆರೆಯನ್ನೂ ಗಾಢ ಬದಿಗೆ ಕಪ್ಪು ಗೆರೆಯನ್ನೂ ಸೇರಿಸುತ್ತದೆ. ಅದು ಫೈಲಿನಲ್ಲಿ ಇರುವುದಿಲ್ಲ, ಗಾಜಿನ ಮೇಲೆ ಮಾತ್ರ ಇರುತ್ತದೆ. ಆ ಫೋಟೊ ನೋಡುವುದಕ್ಕೂ ಮೊದಲು ನಾನು 6500 ಕೆಲ್ವಿನ್, ಗಾಮಾ 2.2 ಇಟ್ಟು ಕ್ರಮವಾಗಿ ಕ್ಯಾಲಿಬ್ರೇಟ್ ಮಾಡಿದ್ದೆ. ಆದರೆ ಆ ಉಪಕರಣ ಪರದೆಗೆ ಅಂಟಿಕೊಂಡು ಒಂದೇ ಬಣ್ಣದ ಚೌಕಗಳನ್ನು ಒಂದಾದ ಮೇಲೊಂದರಂತೆ ಅಳೆಯುತ್ತದೆ, ಮತ್ತು ಬರೀ ಚೌಕದೊಳಗೆ ಅಂಚೇ ಇಲ್ಲದಿರುವಾಗ ಈ ಮೋಸ ಅದಕ್ಕೆ ತಿಳಿಯುವ ದಾರಿಯಿಲ್ಲ.

ಆದ್ದರಿಂದ ನೀವು ಮೊದಲು ಬೂದು ಹಿನ್ನೆಲೆಯ ಮೇಲೆ ಸಣ್ಣ ಕಪ್ಪು ಅಕ್ಷರಗಳನ್ನು ಬರೆದು 100%ನಲ್ಲಿ ನೋಡಿ. ಅಕ್ಷರದ ಸುತ್ತ ಬಿಳಿ ಅಂಚು ಕಂಡರೆ ಅದು ಮಾಯವಾಗುವವರೆಗೆ `Sharpness` ಇಳಿಸಿ. ಕೆಲವು ಮಾನಿಟರ್‌ಗಳಲ್ಲಿ ಸೊನ್ನೆಗೆ ತಂದರೆ ಅಕ್ಷರವೇ ಮಸುಕಾಗುತ್ತದೆ, ಹಾಗಾಗಿ ಅಂಕಿಯನ್ನು ನಂಬದೆ ಅಕ್ಷರವನ್ನು ನಂಬಿ. ಡೈನಾಮಿಕ್ ಕಾಂಟ್ರಾಸ್ಟ್ ಇದ್ದರೆ ಆಫ್ ಮಾಡಿ. ಇವೆಲ್ಲ ಆದ ಮೇಲೆ, ಮಾನಿಟರ್ ಅರ್ಧ ಗಂಟೆ ಉರಿದ ಬಳಿಕ, ಕ್ಯಾಲಿಬ್ರೇಟ್ ಮಾಡಿ. ಅದರಿಂದ ಬೆಳಕು ಮತ್ತು ಬಣ್ಣ ಸರಿಯಾಗುತ್ತವೆ, ಅಷ್ಟೇ.

ಮೆನು ಸರಿಮಾಡಿ ಅದೇ ಫೋಟೊ ತೆರೆದಾಗ ರೆಪ್ಪೆಗಳು ಒಂದಕ್ಕೊಂದು ಅಂಟಿದ ಪಟ್ಟಿಯಾಗಿದ್ದವು. ಅದು ಶಾರ್ಪನಿಂಗ್‌ನಿಂದ ಸರಿಹೋಗುವ ಮಸುಕಲ್ಲ. ಅದರ ಹಿಂದಿನ ಫ್ರೇಮಿನಲ್ಲಿ ಕಣ್ಣಿಗೇ ಫೋಕಸ್ ಇದ್ದುದರಿಂದ ಬಚಾವಾದೆ.

ಇನ್ನೊಂದು ಮಾತು. 24 ಇಂಚಿನ ಫುಲ್ ಎಚ್‌ಡಿ ಮಾನಿಟರ್‌ನಲ್ಲಿ ಇಂಚಿಗೆ ಸುಮಾರು 92 ಪಿಕ್ಸೆಲ್‌ಗಳಿರುತ್ತವೆ, ಅಂದರೆ 6000 ಪಿಕ್ಸೆಲ್ ಅಗಲದ ಫೋಟೊವನ್ನು 100%ನಲ್ಲಿ ತೆರೆದರೆ ನೀವು ಐದು ಅಡಿಗೂ ಅಗಲವಾದ ಚಿತ್ರದ ಒಂದು ತುಂಡನ್ನು ನೋಡುತ್ತಿರುತ್ತೀರಿ. ಫೋಕಸನ್ನು ಅಲ್ಲಿ ನಿರ್ಧರಿಸಿ, ಆದರೆ ಶಾರ್ಪನಿಂಗ್ ಅತಿಯಾಯಿತೇ ಎಂದು 50%ಗೆ ಇಳಿಸಿ ನೋಡಿ; ಆಗ ಚಿತ್ರದ ಅಗಲ ಸುಮಾರು 33 ಇಂಚು, 36 ಇಂಚಿನ ಆಲ್ಬಮ್ ಹಾಳೆಗೆ ತೀರ ಹತ್ತಿರ.